ಅತ್ತೆಯ ಲೈನು ಮತ್ತು ಬೆಳಗದ ಡಾಂಗಲ್

ಮಗುವಿನ ಜೊಲ್ಲಿನಲ್ಲಿ ಉಪ್ಪಿರುತ್ತದೆಯೇ? ಇದ್ದರೆ ಅದು ಲೋಹವನ್ನು ತಿನ್ನುತ್ತದೆಯೇ? ಶುಕ್ರವಾರ ಮಧ್ಯಾಹ್ನದಿಂದ ನನ್ನ ತಲೆಯಲ್ಲಿ ಇದೊಂದೇ ಹುಳ. ಪಾತ್ರೆ ತೊಳೆಯುವಾಗ, ಮಗಳಿಗೆ ಸ್ನಾನ ಮಾಡಿಸುವಾಗ, ಗಂಡ ಏನೋ ಕೇಳಿ ನಾನು ಇನ್ನೇನೋ ಉತ್ತರ ಕೊಡುವಾಗ, ಒಳಗೆ ಅದು ಕೊರೆಯುತ್ತಲೇ ಇತ್ತು.

ಆಗಿದ್ದಿಷ್ಟು. ಆಸ್ಪತ್ರೆಯಿಂದ ಅತ್ತೆಯ ಹೆಸರಿಗೆ ಒಂದು ಪುಟ್ಟ ಪೆಟ್ಟಿಗೆ ಬಂದಿತ್ತು. ನಾನು ಬಾಲ್ಕನಿಯಲ್ಲಿ ಬಟ್ಟೆ ಹರವಿ ಒಳಗೆ ಬಂದರೆ ಮಗಳು ಮೇಜಿನ ಕೆಳಗೆ ಕೂತು ಏನನ್ನೋ ಚೀಪುತ್ತಿದ್ದಾಳೆ. ಬಾಯಿಂದ ಒಂದು ಕರಿ ವೈರಿನ ಬಾಲ ಇಳಿಬಿದ್ದಿತ್ತು. ನನಗೆ ಜೀವವೇ ಬಾಯಿಗೆ ಬಂತು. ಕಿತ್ತು ನೋಡಿದೆ. ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೇಬಲ್ ಜೋಡಿಸಲೆಂದು ಆಸ್ಪತ್ರೆಯವರು ಕಳಿಸಿದ ಡಾಂಗಲ್ಲು. ಲ್ಯಾಪ್‌ಟಾಪಿಗೆ ಚುಚ್ಚುವ ಲೋಹದ ತುದಿ ಪೂರ್ತಿ ಒದ್ದೆ. ಮಗುವಿಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಅದನ್ನು ಬಟ್ಟೆಯಲ್ಲಿ ಒರೆಸಿ, ಊದಿ, ಮತ್ತೆ ಒರೆಸಿ, ಅತ್ತೆ ಕೋಣೆಯಲ್ಲಿಲ್ಲದಾಗ ಪೆಟ್ಟಿಗೆಯೊಳಗೆ ಇದ್ದ ಹಾಗೇ ಇಟ್ಟೆ. ಯಾರಿಗೂ ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರು. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿಗೆ ರೂಟರಿನಿಂದ ಎಳೆದು ತಂದ ಹಳದಿ ಕೇಬಲ್ಲು. ಡಾಂಗಲ್ಲಿನ ಮೈಮೇಲೆ ಒಂದು ಸಣ್ಣ ದೀಪವಿದೆ, ಅದು ಹಸಿರಾಗಬೇಕು ಎಂದು ಪೆಟ್ಟಿಗೆಯ ಮೇಲಿನ ಚಿತ್ರ ಹೇಳುತ್ತಿತ್ತು. ದೀಪ ಹಸಿರಾಗಲಿಲ್ಲ, ಕೆಂಪೂ ಆಗಲಿಲ್ಲ. ಲ್ಯಾಪ್‌ಟಾಪಿಗೆ ಅಲ್ಲೊಂದು ವಸ್ತು ಇದೆ ಎಂಬ ಪರಿವೆಯೇ ಇದ್ದಂತಿರಲಿಲ್ಲ.

ಇಷ್ಟಕ್ಕೆ ಇಷ್ಟೊಂದು ಗಾಬರಿ ಯಾಕೆ ಎಂದು ಕೇಳಿದರೆ ನಾನು ಅತ್ತೆಯ ಕತೆಯನ್ನೇ ಹೇಳಬೇಕು.

ನಮ್ಮ ಅತ್ತೆ ಮದುವೆಗೆ ಮೊದಲೇ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವರು. ಆಗ ಹಲಗೆಯ ಮೇಲಿನ ತೂತುಗಳಿಗೆ ವೈರು ಚುಚ್ಚಿ ಲೈನು ಕೊಡುತ್ತಿದ್ದರಂತೆ. ಹಲಗೆ ಹೋಗಿ ಗುಂಡಿ ಬಂತು, ಗುಂಡಿ ಹೋಗಿ ಕಂಪ್ಯೂಟರ್ ಬಂತು, ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು. ನನ್ನ ಗಂಡ ಹುಟ್ಟಿದ ವರ್ಷ ಬಿಟ್ಟರೆ ದೊಡ್ಡ ರಜೆ ಹಾಕಿದವರಲ್ಲ. ಮಾವ ತೀರಿಕೊಂಡ ಮೇಲೆ ಎಲ್ಲರೂ ಇನ್ನು ಸಾಕು ಬಿಡಿ ಅಂದರಂತೆ. ಅತ್ತೆ ಮರುವಾರವೇ ಹೆಡ್‌ಫೋನು ಕಿವಿಗೇರಿಸಿದರು. ಈಗ ಅವರ ಕೆಲಸ ವೈದ್ಯರ ಭೇಟಿಗೆ ಸಮಯ ಗೊತ್ತು ಮಾಡುವುದು. ಯಾವ ನೋವಿಗೆ ಯಾವ ವೈದ್ಯರು, ಯಾರು ಯಾವಾಗ ಕೂರುತ್ತಾರೆ, ಖಾಲಿ ಹೊಟ್ಟೆಯಲ್ಲಿ ಬರಬೇಕೇ ಬೇಡವೇ, ಎಲ್ಲ ಹೇಳುತ್ತಾರೆ. ಆಚೆ ಕಡೆಯವರು ಅಳುತ್ತಿದ್ದರೆ ಅಳು ಮುಗಿಯುವ ತನಕ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದನ್ನು ನಾನು ಗೋಡೆಯ ಈಚೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಸುಮ್ಮನಿರುವುದನ್ನು ಕೇಳಿದೆ ಅನ್ನುವುದು ವಿಚಿತ್ರವೇ, ಆದರೂ ಹಾಗೆಯೇ.

ಆ ಆಸ್ಪತ್ರೆಗೆ ಫೋನು ಮಾಡಿದವರನ್ನು ಕಾಯಿಸುವ ದನಿಯೂ ಅವರದೇ. ವರ್ಷಗಳ ಹಿಂದೆ ಯಾರೋ ಅವರನ್ನೇ ಕೂರಿಸಿ ಧ್ವನಿಮುದ್ರಿಸಿಕೊಂಡಿದ್ದರು. ನಾನು ಬಸುರಿಯಾಗಿದ್ದಾಗ ಒಂದು ದಿನ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗಿ ಆಸ್ಪತ್ರೆಗೆ ಫೋನು ಮಾಡಿದರೆ, ಪಕ್ಕದ ಕೋಣೆಯಲ್ಲಿ ಮಲಗಿದ್ದ ಅತ್ತೆಯೇ ನನ್ನ ಕಿವಿಯಲ್ಲಿ ದಯವಿಟ್ಟು ಕಾಯಿರಿ ಅಂದರು. ಮನೆಯಲ್ಲಿ ಕಾಯಿಸಿದ್ದು ಸಾಲದು ಅಂತ ಅಮ್ಮ ಊರನ್ನೆಲ್ಲ ಕಾಯಿಸುತ್ತಾಳೆ ಎಂದು ನನ್ನ ಗಂಡನ ಹಳೆಯ ತಮಾಷೆ. ಅತ್ತೆ ಮಾತ್ರ ಆ ದನಿಯನ್ನು ಒಂದು ದಿನವೂ ಕೇಳಿಲ್ಲ. ಯಾಕೆಂದರೆ ಅವರು ಯಾರಿಗೂ ಫೋನೇ ಮಾಡುವುದಿಲ್ಲ. ಗ್ಯಾಸಿನವನಿಗೆ, ನಲ್ಲಿ ರಿಪೇರಿಯವನಿಗೆ, ಅವರ ಸ್ವಂತ ತಂಗಿಗೂ ನಂಬರ್ ಒತ್ತಿ ವಿಷಯ ಹೇಳಬೇಕಾದವಳು ನಾನು. ಮೊದಮೊದಲು ಇದು ಸೊಸೆಯನ್ನು ಕುಣಿಸುವ ಉಪಾಯ ಅಂದುಕೊಂಡು ಒಳಗೊಳಗೇ ಮೂಗು ಮುರಿದಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ.

“ನಾನು ಫೋನ್ ಎತ್ತೋಳು, ಮಾಡೋಳಲ್ಲ,” ಅಂದರು. ಅಷ್ಟೇ.

ನಿಜವಾದ ಕಾರಣ ನನಗೆ ಗೊತ್ತಾಗಿದ್ದು ಮಗಳಿಂದ. ಅಜ್ಜಿಯ ಎಡಗಿವಿಗೆ ಬಾಯಿಟ್ಟು ಅವಳು ಏನೇನೋ ಗುಟ್ಟು ಹೇಳುತ್ತಾಳೆ. ಅಜ್ಜಿ ನಗುತ್ತಾರೆ. ಆದರೆ ನಗು ಒಂದೋ ಮೊದಲೇ ಬಂದುಬಿಡುತ್ತದೆ, ಇಲ್ಲ ಗುಟ್ಟು ಮುಗಿದು ಎಷ್ಟೋ ಹೊತ್ತಾದ ಮೇಲೆ. ನಾನು ಅತ್ತೆಯ ಎಡಕ್ಕೆ ನಿಂತು ಎರಡು ಮೂರು ಸಲ ಪರೀಕ್ಷೆ ಮಾಡಿದೆ. ಎಡಗಿವಿ ಕೇಳುತ್ತಿರಲಿಲ್ಲ. ನಾನು ಪರೀಕ್ಷಿಸುತ್ತಿರುವುದು ಒಂದು ದಿನ ಅವರಿಗೆ ಗೊತ್ತಾಯಿತು. ಮನೆಯ ಬೇರೆ ಯಾರಿಗೂ ಹೇಳಬೇಡ ಅಂದರು, ಮಗನಿಗೂ ಬೇಡ.

ಆಸ್ಪತ್ರೆಯ ಆ ಕೋಣೆಯಲ್ಲಿ ಎಂಟು ಜನ ಸಾಲಾಗಿ ಕೂತು ಮಾತಾಡುತ್ತಾರೆ. ಬಲಗಿವಿಗೆ ಹೆಡ್‌ಫೋನು ಹಾಕಿದರೂ ಪಕ್ಕದವರ ಮಾತೆಲ್ಲ ಅದರೊಳಗೆ ನುಗ್ಗಿ ಕಲಸಿಹೋಗುತ್ತದಂತೆ. ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ ಎಂದು ಅತ್ತೆ ಕೇಳುವುದು ಹೆಚ್ಚಾಗಿತ್ತು. ಅದನ್ನು ಅಲ್ಲಿಯ ಹೊಸ ಮೇಲ್ವಿಚಾರಕಿ ಗಮನಿಸಲು ಶುರುಮಾಡಿದ್ದಳು. ಅಷ್ಟರಲ್ಲಿ ಜಾಗ ಸಾಲದೆಂದು ಕೆಲವರನ್ನು ಮನೆಯಿಂದಲೇ ಕೆಲಸ ಮಾಡಲು ಬಿಟ್ಟರು. ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ನಮ್ಮ ಅತ್ತೆ. ನಮ್ಮ ಹಿಂದಿನ ಕೋಣೆ ಉಗ್ರಾಣಕ್ಕಿಂತ ಸ್ವಲ್ಪ ದೊಡ್ಡದು. ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಬಾಗಿಲು ಹಾಕಿದರೆ ಫ್ಯಾನಿನ ಸದ್ದು ಕೂಡ ಇಲ್ಲ, ಫ್ಯಾನೇ ಇಲ್ಲವಲ್ಲ. ಆ ಕೋಣೆಯಲ್ಲಿ ಕೂತರೆ ಅತ್ತೆಗೆ ಪ್ರತಿಯೊಂದು ಮಾತೂ ಕೇಳುತ್ತದೆ. ಅಲ್ಲಿಂದ ಹೊರಬಂದಾಗ ಅವರ ಮುಖ ನೋಡಬೇಕು, ಪರೀಕ್ಷೆ ಚೆನ್ನಾಗಿ ಬರೆದ ಹುಡುಗಿಯ ಹಾಗೆ.

ಈಗ ಆಸ್ಪತ್ರೆಯವರು ಹೊಸ ನಿಯಮ ತಂದಿದ್ದರು. ಮನೆಯ ವೈಫೈನಲ್ಲಿ ದನಿ ಕತ್ತರಿಸಿ ಕತ್ತರಿಸಿ ಬರುತ್ತಿದೆ, ರೋಗಿಗಳು ದೂರುತ್ತಿದ್ದಾರೆ, ಸೋಮವಾರದಿಂದ ಕೇಬಲ್ ಇದ್ದವರಿಗೆ ಮಾತ್ರ ಮನೆಯಿಂದ ಕೆಲಸ, ಇಲ್ಲದವರು ಬಂದು ಮೊದಲಿನ ಹಾಗೆ ಸಾಲಿನಲ್ಲಿ ಕೂರಬೇಕು. ಅತ್ತೆಗೆ ಅವರು ಕೊಟ್ಟ ಲ್ಯಾಪ್‌ಟಾಪು ತೆಳ್ಳಗೆ ಹಪ್ಪಳದ ಹಾಗಿದೆ. ಕೇಬಲ್ಲಿನ ದಪ್ಪ ತುದಿ ಹೋಗುವ ತೂತು ಅದಕ್ಕಿಲ್ಲ. ಅದಕ್ಕೇ ಆ ಡಾಂಗಲ್ಲು.

ಶನಿವಾರ ನನ್ನ ಗಂಡ ಡ್ಯೂಟಿಗೆ ಹೊರಡುವ ಮುಂಚೆ ಅದರ ಮೇಲೆ ಯುದ್ಧವನ್ನೇ ಹೂಡಿದರು. ಈ ಕಡೆಯಿಂದ ತೆಗೆದು ಆ ಕಡೆ ಚುಚ್ಚಿದರು. ಕೇಬಲ್ ಬದಲಾಯಿಸಿದರು. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದರು. ಸೆಟ್ಟಿಂಗಿನೊಳಗೆ ಹೋಗಿ ಎಷ್ಟು ಹುಡುಕಿದರೂ ನೆಟ್‌ವರ್ಕಿನ ಕೆಳಗೆ ವೈಫೈ ಒಂದೇ ಒಂಟಿಯಾಗಿ ಕೂತಿತ್ತು. ಕೊನೆಗೆ ಡಾಂಗಲ್ ಸತ್ತಿದೆ ಎಂದು ತೀರ್ಪು ಕೊಟ್ಟು ಶೂ ಹಾಕಿಕೊಂಡರು. ಹೊಸದು ತರಲೇ ಎಂದು ಕೇಳಿದ್ದಕ್ಕೆ ಅತ್ತೆ, ಆಸ್ಪತ್ರೆಯ ಲ್ಯಾಪ್‌ಟಾಪಿಗೆ ಆಸ್ಪತ್ರೆಯದೇ ಆಗಬೇಕು, ಬೇರೆಯದು ಚುಚ್ಚಬಾರದಂತೆ ಅಂದರು. ಸತ್ತಿದೆ ಎಂಬ ಮಾತು ಕೇಳಿ ನಾನು ಮಗಳ ಕಡೆ ತಿರುಗಿದೆ. ಕೊಂದವಳು ಸೋಫಾದ ಮೇಲೆ ಬೆರಳು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡಿ ನಗುತ್ತಿದ್ದಳು.

ಆ ದಿನವೆಲ್ಲ ಅತ್ತೆ ವೈಫೈನಲ್ಲೇ ಕೆಲಸ ಮಾಡಿದರು. ಎರಡು ಕರೆಗಳ ನಡುವೆ ಸಿಕ್ಕ ಬಿಡುವಿನಲ್ಲಿ ಡಾಂಗಲ್ಲನ್ನು ಕಿತ್ತು, ಊದಿ, ಚುಚ್ಚಿ, ದೀಪ ನೋಡುತ್ತಿದ್ದರು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಸಂಜೆ ಅವರು ಬೀರುವಿನಿಂದ ಆಸ್ಪತ್ರೆಯ ಹಳೆಯ ಗುರುತಿನ ಚೀಟಿ ತೆಗೆದು, ಅದರ ಕೊರಳದಾರವನ್ನು ಸೋಪು ಹಾಕಿ ತೊಳೆದು ನಲ್ಲಿಯ ಮೇಲೆ ಒಣಹಾಕಿದರು. ಸೋಮವಾರ ಆ ಸಾಲಿನಲ್ಲಿ ಹೋಗಿ ಕೂತರೆ ಒಂದು ವಾರದೊಳಗೆ ಮೇಲ್ವಿಚಾರಕಿಗೆ ಗೊತ್ತಾಗುತ್ತದೆ, ಆಮೇಲೆ ಇವರನ್ನು ಹೂವಿನ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ದಾರದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಭಾನುವಾರ ಅತ್ತೆಯ ವಾರದ ರಜೆ. ಮಗಳು ಮಧ್ಯಾಹ್ನದ ನಿದ್ದೆಗೆ ಜಾರಿದ್ದಳು. ಅತ್ತೆ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕೂತಿದ್ದರು. ಇನ್ನು ತಡೆಯಲಾರೆ ಅನ್ನಿಸಿ ನಾನು ಹೋಗಿ ಅವರ ಬಲಕ್ಕೆ ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಚೀಪಿದ್ದು, ಒರೆಸಿದ್ದು, ಪೆಟ್ಟಿಗೆಯಲ್ಲಿಟ್ಟಿದ್ದು, ಎರಡು ದಿನ ನುಂಗಿಕೊಂಡಿದ್ದು.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡು ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ.

“ಕೇಳಿಸ್ತು,” ಅಂದರು. “ಅವಳು ಅದನ್ನ ತಾನಾಗೇ ತಗೊಂಡಿದ್ದಲ್ಲ. ನಾನೇ ಕೊಟ್ಟಿದ್ದು.”

ಶುಕ್ರವಾರ ಯಾರದೋ ಕರೆ ನಡೆಯುತ್ತಿತ್ತಂತೆ. ಲೈನಿನಲ್ಲಿ ಒಬ್ಬ ಹೆಂಗಸು ಗಂಡನ ಎಕ್ಸ್‌ರೇ ಬಗ್ಗೆ ಕೇಳುತ್ತಿದ್ದಳು. ಅಷ್ಟರಲ್ಲಿ ಮಗಳು ಬಾಗಿಲು ತಳ್ಳಿಕೊಂಡು ಬಂದು ಕಾಲು ಹಿಡಿದು ರಾಗ ತೆಗೆದಳು. ರಾಗ ತೆಗೆದರೆ ಹೆಂಗಸಿನ ಮಾತು ಕೇಳಿಸುವುದಿಲ್ಲ. ಕೈಗೆ ಸಿಕ್ಕಿದ ಪೆಟ್ಟಿಗೆಯಿಂದ ಡಾಂಗಲ್ ತೆಗೆದು ಅವಳ ಕೈಗೆ ಕೊಟ್ಟು ಹೊರಗೆ ಕಳಿಸಿದರಂತೆ. ಆಮೇಲೆ ಅದು ಪೆಟ್ಟಿಗೆಯೊಳಗೆ ಒಣಗಿಕೊಂಡು ವಾಪಸು ಬಂದಿದ್ದನ್ನು ನೋಡಿ, ಅವರೇ ಕೊಟ್ಟಿದ್ದೆಂದು ನನಗೆ ಗೊತ್ತಾಗಿದೆ, ಆದರೆ ಅತ್ತೆಯ ಮರ್ಯಾದೆಗೆ ಅಂಜಿ ಸುಮ್ಮನಿದ್ದೇನೆ ಅಂದುಕೊಂಡಿದ್ದರು. ಮಗುವಿನ ಬಾಯಿಗೆ ಕರೆಂಟಿನ ಸಾಮಾನು ಕೊಟ್ಟ ಅಜ್ಜಿ ಎಂದು ಮಗನ ಮುಂದೆ ಹೇಗೆ ಹೇಳುವುದು? ಅದಕ್ಕೇ ಅವರೂ ಎರಡು ದಿನ ನುಂಗಿಕೊಂಡು ಕೂತಿದ್ದರು. ಒಂದೇ ಗೋಡೆಯ ಎರಡು ಕಡೆ ನಾವಿಬ್ಬರೂ ಒಂದೇ ಚಿಂತೆಯನ್ನು ಬೇಯಿಸುತ್ತಿದ್ದೆವು.

ನನಗೆ ನಗು ಬಂತು, ಅಳುವೂ ಬಂತು. ಹೇಳಿ ಹಗುರಾದ ಮೇಲೆ ತಲೆ ಸ್ವಲ್ಪ ಓಡಿತು. ಡಾಂಗಲ್ ಸತ್ತಿದೆಯೋ ಇಲ್ಲವೋ ನೋಡಲು ಒಂದು ಸುಲಭದ ದಾರಿ ಮೊದಲಿನಿಂದಲೂ ಇತ್ತು. ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿ ನೋಡುವುದು. ಹೆರಿಗೆಗೆ ಮುಂಚಿನ ನನ್ನ ಲ್ಯಾಪ್‌ಟಾಪು ಬೀರುವಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಶನಿವಾರವೇ ಅದನ್ನು ಇಳಿಸಬಹುದಿತ್ತು. ಇಳಿಸಲಿಲ್ಲ, ಯಾಕೆಂದರೆ ಅದರಲ್ಲೂ ದೀಪ ಬರದಿದ್ದರೆ ಮಗಳೇ ಕೆಡಿಸಿದ್ದು ಎಂದು ಸಾಬೀತಾಗಿಬಿಡುತ್ತಿತ್ತು.

ಅದನ್ನು ಚಾರ್ಜಿಗೆ ಹಾಕಿ, ಹಚ್ಚಿ, ಕಣ್ಣು ಅರ್ಧ ಮುಚ್ಚಿಕೊಂಡು ಹಳದಿ ಕೇಬಲ್ಲಿನ ಸಮೇತ ಡಾಂಗಲ್ ಚುಚ್ಚಿದೆ. ಟಿಂಗ್ ಎಂದಿತು. ಪರದೆಯಲ್ಲಿ ಒಂದು ಸೀಡಿಯ ಗುರುತು ಮೂಡಿತು. ನನ್ನ ಲ್ಯಾಪ್‌ಟಾಪಿಗೆ ಸೀಡಿ ಹಾಕುವ ಜಾಗವೇ ಇಲ್ಲ, ಇದೆಲ್ಲಿಯ ಸೀಡಿ? ತೆರೆದು ನೋಡಿದರೆ ಅದರೊಳಗೆ ಡಾಂಗಲ್ಲಿನದೇ ಸಾಫ್ಟ್‌ವೇರು. ಅದರ ಮೇಲೆ ಒತ್ತಿ, ಕೇಳಿದ್ದಕ್ಕೆಲ್ಲ ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಸೀಡಿಯ ಗುರುತು ಮಾಯವಾಯಿತು. ಅದರ ಬೆನ್ನಿಗೇ ಡಾಂಗಲ್ಲಿನ ಮೈಮೇಲೆ ಹಸಿರು ದೀಪ ಪಿಳಿಪಿಳಿ ಅಂದಿತು. ವೈಫೈ ಆರಿಸಿದೆ. ಇಂಟರ್‌ನೆಟ್ ನಿಲ್ಲಲಿಲ್ಲ.

ಡಾಂಗಲ್ ಬದುಕಿತ್ತು. ಮಗಳ ಜೊಲ್ಲು ಏನನ್ನೂ ತಿಂದಿರಲಿಲ್ಲ.

ಹಾಗಾದರೆ ಆಸ್ಪತ್ರೆಯ ಲ್ಯಾಪ್‌ಟಾಪಿಗೆ ಇದು ಯಾಕೆ ಕಾಣುತ್ತಿಲ್ಲ? ಮತ್ತೆ ಅದಕ್ಕೇ ಚುಚ್ಚಿದೆವು. ಶನಿವಾರ ನಾವೆಲ್ಲ ದೀಪವನ್ನೇ ನೋಡಿದ್ದೆವು, ಈ ಸಲ ನಾನು ಪರದೆ ನೋಡಿದೆ. ಮೂಲೆಯಲ್ಲಿ ಬೂದು ಬಣ್ಣದ ಒಂದು ಪುಟ್ಟ ಚೌಕ ಮೂಡಿತು. ಅತ್ತೆಯ ಬೆರಳು ಅಭ್ಯಾಸಬಲದಿಂದ ಹೋಗಿ ಅದನ್ನು ಮುಚ್ಚಿತು. ಅದೇನದು ಎಂದು ಕೇಳಿದೆ. ಅಯ್ಯೋ, ಅದು ದಿನಾ ಬರುತ್ತೆ ಅಂದರು. ಲ್ಯಾಪ್‌ಟಾಪಿನಿಂದ ಮೊಬೈಲ್ ಚಾರ್ಜ್ ಮಾಡಲು ವೈರು ಸಿಕ್ಕಿಸಿದಾಗಲೆಲ್ಲ ಬರುತ್ತದಂತೆ, ಮುಚ್ಚಿದರೆ ಹೋಗುತ್ತದಂತೆ. ಡಾಂಗಲ್ ಕಿತ್ತು ಮತ್ತೆ ಚುಚ್ಚಿ, ಅತ್ತೆಯ ಕೈ ಹಿಡಿದುಕೊಂಡು ಓದಿದೆ. ಫೈಲುಗಳಿರುವ ಹೊರಗಿನ ಸಾಧನವನ್ನು ಆಡಳಿತದವರು ತಡೆಹಿಡಿದಿದ್ದಾರೆ ಎಂದಿತ್ತು.

ಆಗ ಅರ್ಥವಾಯಿತು. ರೋಗಿಗಳ ವಿವರ ಹೊರಗೆ ಹೋಗಬಾರದೆಂದು ಆಸ್ಪತ್ರೆಯವರು ತಮ್ಮ ಲ್ಯಾಪ್‌ಟಾಪುಗಳಲ್ಲಿ ಪೆನ್ ಡ್ರೈವು, ಸೀಡಿ ಯಾವುದನ್ನೂ ಒಳಗೆ ಬಿಡುವುದಿಲ್ಲ. ಈ ಡಾಂಗಲ್ಲೋ, ಬಾಗಿಲಿಗೆ ಬಂದು ಮೊದಲು ತಾನು ಸೀಡಿ ಅನ್ನುತ್ತದೆ. ತನ್ನ ಸಾಫ್ಟ್‌ವೇರನ್ನು ಒಳಗೆ ಬಿಟ್ಟ ಮೇಲಷ್ಟೇ ತಾನು ನೆಟ್‌ವರ್ಕ್ ಅನ್ನುತ್ತದೆ. ಕಾವಲಿನವನು ಮೊದಲ ಮಾತಿಗೇ ಬಾಗಿಲು ಹಾಕಿದರೆ ಎರಡನೆಯ ಮಾತು ಹೇಳುವುದೆಲ್ಲಿಂದ? ಕಳಿಸಿದವರೂ ಆಸ್ಪತ್ರೆಯವರೇ, ತಡೆದವರೂ ಆಸ್ಪತ್ರೆಯವರೇ. ಇಂಟರ್‌ನೆಟ್ಟಿನಿಂದ ಸಾಫ್ಟ್‌ವೇರು ಇಳಿಸಿ ಹಾಕೋಣವೆಂದರೆ ನಮ್ಮಲ್ಲಿಲ್ಲದ ಪಾಸ್‌ವರ್ಡ್ ಕೇಳುತ್ತದೆ. ಅವರ ಕಂಪ್ಯೂಟರ್ ವಿಭಾಗದವರು ಅಲ್ಲಿಂದಲೇ ಹಾಕಿಕೊಡಬಹುದು, ವೈಫೈ ಇನ್ನೂ ಇದೆಯಲ್ಲ. ಆದರೆ ಅವರಿಗೆ ಹೇಳಬೇಕು. ಆ ವಿಭಾಗಕ್ಕೆ ಭಾನುವಾರವೂ ರಜೆಯಿಲ್ಲ. ಫೋನು ಮಾಡಿದರೆ ಆಯಿತು.

ಫೋನು ಎಂದ ಕೂಡಲೇ ಅತ್ತೆಯ ಮುಖ ಬಾಡಿತು. ಕಂಪ್ಯೂಟರ್ ವಿಭಾಗದವರು ಕೂರುವುದು ಅದೇ ಕೋಣೆಯಲ್ಲಂತೆ, ನಡುವೆ ಒಂದು ಗಾಜು ಮಾತ್ರ. ಹಿಂದೆ ಎಂಟು ಜನರ ಗದ್ದಲ, ಮುಂದೆ ಆ ಹುಡುಗರು ಪಟಪಟನೆ ಮಾತಾಡುತ್ತಾರೆ. ಇವರಿಗೆ ಒಂದಕ್ಷರ ಹಿಡಿಯಲಾಗದೆ ಮೂರು ಸಲ ಕೇಳಿದರೆ, ಅಷ್ಟು ಸಾಕು, ಮಾತು ಗಾಜು ದಾಟುತ್ತದೆ. ಬೇಡ, ನಾಳೆ ಹೋಗಿ ಸಾಲಿನಲ್ಲೇ ಕೂರುತ್ತೇನೆ ಅಂದರು.

ನಾನೇ ಮಾಡುತ್ತೇನೆ ಅಂದೆ. ಸೊಸೆ ಎಂದು ಹೇಳಿ ಎಲ್ಲ ವಿವರಿಸುತ್ತೇನೆ, ಬೇಕಾದರೆ ನಿಮ್ಮ ಹೆಸರಿನಲ್ಲೇ ಮಾತಾಡುತ್ತೇನೆ. ಅತ್ತೆ ತಲೆಯಾಡಿಸಿದರು.

“ನನ್ನ ದನಿ ಅಲ್ಲಿ ಗೋಡೆಗೂ ಗೊತ್ತು. ಇನ್ನು ಸೊಸೆ ಅಂತ ನೀನು ಮಾತಾಡಿದ್ರೆ, ಫೋನಲ್ಲಿ ಕೆಲಸ ಮಾಡೋಳು ಒಂದು ಫೋನಿಗೆ ಸೊಸೇನ ಯಾಕೆ ಕೂರಿಸಿದ್ಲು ಅಂತ ಕೇಳಲ್ವಾ? ನನಗೆ ಕೇಳಿಸಲ್ಲ ಅಂತ ನೀನೇ ಡಂಗುರ ಹೊಡೆದ ಹಾಗಾಗುತ್ತೆ.”

ಆದರೆ ನಲ್ಲಿಯ ಮೇಲಿನ ದಾರ ಇನ್ನೂ ಕಣ್ಣೆದುರಿಗಿತ್ತು. ನಾಳೆ ಅಲ್ಲಿ ಹೋಗಿ ಕೂತರೂ ಅದೇ ಆಗುವುದು ಅಲ್ಲವೇ ಅತ್ತೆ, ಎಂದೆ. ಇಲ್ಲಿ ಒಂದು ಕರೆಯಲ್ಲಿ ಆಗುವುದು ಅಲ್ಲಿ ದಿನವಿಡೀ ಆಗುತ್ತದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಎದ್ದು ಹೋಗಿ ಮಲಗಿದ ಮಗಳನ್ನು ಒಮ್ಮೆ ನೋಡಿ, ಹೊದಿಕೆ ಸರಿಪಡಿಸಿ ಬಂದರು. ಅಡುಗೆಮನೆಯಲ್ಲಿ ನೀರು ಕುಡಿದ ಸದ್ದು ಕೇಳಿತು. ಕೋಪ ಬಂದಿದೆಯೋ ಏನೋ ಎಂದು ನಾನು ಡಾಂಗಲ್ಲಿನ ವೈರು ಸುತ್ತುತ್ತಾ ಕೂತಿದ್ದೆ.

ವಾಪಸು ಬಂದು ಬಾಗಿಲು ಹಾಕಿದರು. ಕಿಟಕಿಯನ್ನೂ ಹಾಕಿದರು. ಮೊಬೈಲಿಗೆ ಹೆಡ್‌ಫೋನು ಸಿಕ್ಕಿಸಿ ಬಲಗಿವಿಯ ಮೇಲೆ ಒತ್ತಿ ಕೂರಿಸಿಕೊಂಡು, ನಂಬರ್ ಒತ್ತಿಕೊಡು ಎಂದು ಅಭ್ಯಾಸದಿಂದ ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡುವಷ್ಟರಲ್ಲಿ ಹಿಂದಕ್ಕೆ ತೆಗೆದುಕೊಂಡು ತಾವೇ ಒತ್ತಿದರು.

ಹೆಡ್‌ಫೋನಿನ ದನಿಯನ್ನು ಪೂರ್ತಿ ಏರಿಸಿದ್ದರಿಂದ ಆಚೆ ಕಡೆಯದು ನನಗೂ ಸಣ್ಣಗೆ ಕೇಳುತ್ತಿತ್ತು. ರಿಂಗಾಯಿತು. ಆಮೇಲೆ ಒಂದು ಹೆಣ್ಣುದನಿ, ನಿಮ್ಮ ಕರೆಯನ್ನು ಶೀಘ್ರವೇ ಸ್ವೀಕರಿಸುತ್ತೇವೆ, ದಯವಿಟ್ಟು ಕಾಯಿರಿ ಅಂದಿತು. ಅತ್ತೆ ಬೆಚ್ಚಿ ನನ್ನ ಮುಖ ನೋಡಿದರು. ಅದು ಮತ್ತೊಮ್ಮೆ ಹೇಳಿತು, ಮಗದೊಮ್ಮೆ ಹೇಳಿತು. ಗಟ್ಟಿ ದನಿ, ಸ್ವಲ್ಪ ಅವಸರದ್ದು. ಈಗಿನ ಅತ್ತೆ ಅಷ್ಟು ವೇಗವಾಗಿ ಮಾತಾಡುವುದಿಲ್ಲ.

“ಎಷ್ಟು ಗಡಿಬಿಡೀಲಿ ಹೇಳಿದೀನಿ ನೋಡು,” ಅಂದರು ಮೆಲ್ಲಗೆ. “ಪಾಪ, ಜನಕ್ಕೆ ಹೇಗೆ ಅರ್ಥವಾಯ್ತೋ.”

ಅಷ್ಟರಲ್ಲಿ ಆ ದನಿ ಅರ್ಧಕ್ಕೇ ನಿಂತು ಒಬ್ಬ ಹುಡುಗ ಬಂದ. ಅವನ ಹಿಂದೆ ಗುಜುಗುಜು. ಏನೋ ಒಂದೇ ಸಮನೆ ಕೇಳಿದ. ನನಗೆ ಒಂದು ಪದವೂ ಸಿಗಲಿಲ್ಲ. ಅತ್ತೆಗೂ ಸಿಗಲಿಲ್ಲವೆಂದು ಅವರ ಹುಬ್ಬು ಹೇಳಿತು. ಅತ್ತೆ ಒಂದು ಕೈಯಲ್ಲಿ ಡಾಂಗಲ್ ಹಿಡಿದಿದ್ದರು, ಇನ್ನೊಂದು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

“ಭೇಟಿಯ ಲೈನಿಂದ ಮಾತಾಡ್ತಿದೀನಪ್ಪ. ನೀವು ಕಳಿಸಿದ ಡಾಂಗಲ್ಲನ್ನ ನೀವು ಕೊಟ್ಟ ಲ್ಯಾಪ್‌ಟಾಪೇ ತಡೀತಿದೆ. ಎಲ್ಲ ಹೇಳ್ತೀನಿ. ಅದಕ್ಕೆ ಮುಂಚೆ ನೀವು ಈಗ ಕೇಳಿದ್ದನ್ನ ಇನ್ನೊಂದ್ಸಲ ಹೇಳಿ, ನಿಧಾನವಾಗಿ.” ಡಾಂಗಲ್ಲನ್ನು ಮೇಜಿನ ಮೇಲಿಟ್ಟರು. “ನನಗೆ ಸ್ವಲ್ಪ ಕಿವಿ ಕೇಳಿಸೋದು ಕಡಿಮೆ.”